ಅನಾಮ ಮಿತ್ರ ಮೇಲೆ: ನಕ್ಷೆ ನೆನಪಿರದ ವಿದ್ಯಾರ್ಥಿಗೆ ಒಂದು ಪತ್ರ

ಕೇಳುಗರೇ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಹತ್ತನೆಯ ತರಗತಿಯ ಹುಡುಗನೊಬ್ಬ ನನಗೆ ಒಂದು ಚೀಟಿ ಬರೆದ. "ಮಿಸ್, ಪಾಠ ಓದಿದರೆ ಅರ್ಥ ಆಗುತ್ತೆ. ನಕ್ಷೆ ಮಾತ್ರ ತಲೆಯಲ್ಲಿ ನಿಲ್ಲಲ್ಲ. ರಾಜಧಾನಿಗಳೆಲ್ಲ ಅದಲು ಬದಲಾಗುತ್ತೆ" ಎಂದು. ಅವನಿಗೆ ನಾನು ಒಂದು ಪತ್ರ ಬರೆದೆ. ಅವನ ಹೆಸರು ಹೇಳದೆ ಅದನ್ನು ನಿಮಗೂ ಓದಿ ಹೇಳುತ್ತೇನೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತಿರ ಕರೆಯಿರಿ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಅಳತೆಪಟ್ಟಿ ಇರಲಿ.

ಪ್ರೀತಿಯ ಮಗೂ,

ನಿನ್ನ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ನಿನ್ನ ತಪ್ಪುಗಳು ಎರಡು ಜಾತಿಯವು. ಇಂಫಾಲವನ್ನು ಮಿಜೋರಾಂ ಮೇಲೆ ಬರೆದಿದ್ದೀಯ. ಅಸ್ಸಾಮಿನ ರಾಜಧಾನಿ ಶಿಲ್ಲಾಂಗ್ ಎಂದಿದ್ದೀಯ. ಇವು ಹೆಸರಿನ ತಪ್ಪುಗಳು. ಅಗರ್ತಲಾದ ಹೆಸರು ಸರಿ ಇದೆ, ಆದರೆ ಅದನ್ನು ಹಿಮಾಲಯದ ಬುಡಕ್ಕೆ ತಂದು ಇಟ್ಟಿದ್ದೀಯ. ಬೆಂಗಳೂರಿನ ಚುಕ್ಕೆ ಗೋವಾಕ್ಕೆ ಅಂಟಿಕೊಂಡಿದೆ. ಇವು ಜಾಗದ ತಪ್ಪುಗಳು. ಹೆಸರು ಒಂದು, ಜಾಗ ಇನ್ನೊಂದು. ಎರಡನ್ನೂ ಒಟ್ಟಿಗೆ ಉರು ಹೊಡೆಯಲು ಹೋಗಿದ್ದರಿಂದಲೇ ಎರಡೂ ಕೈಕೊಟ್ಟಿವೆ. ಮೊದಲು ಜಾಗ ನೋಡೋಣ, ಹೆಸರು ಆಮೇಲೆ.

ಅಟ್ಲಾಸನ್ನು ಎಷ್ಟೋ ಸಲ ನೋಡಿದೆ ಎಂದು ಬರೆದಿದ್ದೀಯ. ನಂಬುತ್ತೇನೆ. ಆದರೆ ನಕ್ಷೆ ನೋಡುವಾಗ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ಮನಸ್ಸು ಅದನ್ನು ಹುಡುಕಬೇಕಾಗಿಲ್ಲ. "ಹೌದು, ಇದು ಗೊತ್ತು" ಎಂದು ಪುಟ ಮಗುಚುತ್ತದೆ. ಪರೀಕ್ಷೆಯಲ್ಲಿ ಬರುವುದು ಖಾಲಿ ಹಾಳೆ. ಅಲ್ಲಿ ಹಿಡಿದುಕೊಳ್ಳಲು ಒಂದು ಆಧಾರ ಬೇಕು. ಆ ಆಧಾರ ಎರಡು ಗೆರೆಗಳು.

ಹಾಳೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆ. ಉದ್ದ 16 ಸೆಂಟಿಮೀಟರ್. ನಮ್ಮ ದೇಶ ಉತ್ತರದಿಂದ ದಕ್ಷಿಣಕ್ಕೆ ಸುಮಾರು 3,200 ಕಿಲೋಮೀಟರ್ ಇದೆ. ಹಾಗಾಗಿ ನಿನ್ನ ಹಾಳೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 200 ಕಿಲೋಮೀಟರ್. ಈ ಗೆರೆ 77 ಡಿಗ್ರಿ ಪೂರ್ವ ರೇಖಾಂಶ. ಕೆಳತುದಿ ಕನ್ಯಾಕುಮಾರಿಯ ಪಕ್ಕದಲ್ಲೇ ಮುಗಿಯುತ್ತದೆ.

ಮೇಲಿನ ತುದಿಯಿಂದ ಏಳೂವರೆ ಸೆಂಟಿಮೀಟರ್ ಕೆಳಗೆ ಬಾ. ಅಲ್ಲಿ ಅಡ್ಡಕ್ಕೆ ಎರಡನೆಯ ಗೆರೆ. ಎಡಕ್ಕೆ ನಾಲ್ಕೂವರೆ, ಬಲಕ್ಕೆ ಎಂಟೂವರೆ ಸೆಂಟಿಮೀಟರ್. ಇದು ಕರ್ಕಾಟಕ ಸಂಕ್ರಾಂತಿ ವೃತ್ತ, 23 ಡಿಗ್ರಿ 30 ನಿಮಿಷ ಉತ್ತರ ಅಕ್ಷಾಂಶ. ಎಡತುದಿ ಗುಜರಾತಿನ ಕಛ್. ಬಲತುದಿ ಮಿಜೋರಾಂ ದಾಟಿದ ಮ್ಯಾನ್ಮಾರ್ ಗಡಿ.

ಎರಡು ಗೆರೆ ಸೇರುವ ಕಡೆ ಒಂದು ಚುಕ್ಕೆ ಇಡು. ಅದು ಭೋಪಾಲ್. ಲೆಕ್ಕ ಹಿಡಿದರೆ ಭೋಪಾಲ್ ಆ ಅಡ್ಡಗೆರೆಗಿಂತ ಒಂದಿಷ್ಟು ಕೆಳಗೆ, ನೆಟ್ಟಗಿನ ಗೆರೆಗಿಂತ ಒಂದಿಷ್ಟು ಬಲಕ್ಕೆ ಇದೆ. ನಿನ್ನ ಹಾಳೆಯಲ್ಲಿ ಆ ವ್ಯತ್ಯಾಸ ಎರಡು ಮಿಲಿಮೀಟರ್ ಮಾತ್ರ.

ಈಗ ನೆಟ್ಟಗಿನ ಗೆರೆ ಹಿಡಿದು ಮೇಲಿನಿಂದ ಇಳಿ. ಶಿಮ್ಲಾ, ದೆಹಲಿ, ಭೋಪಾಲ್, ಬೆಂಗಳೂರು, ತಿರುವನಂತಪುರ. ಐದು ರಾಜಧಾನಿಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ. ನಂಬಿಕೆ ಬರದಿದ್ದರೆ ಅಟ್ಲಾಸಿನ ಮೇಲೆ ಅಳತೆಪಟ್ಟಿ ಇಟ್ಟು ನೋಡು. ನಮ್ಮ ರಾಜ್ಯ ಪಶ್ಚಿಮ ಕರಾವಳಿಯದ್ದು, ಆದ್ದರಿಂದ ಬೆಂಗಳೂರೂ ದೆಹಲಿಗಿಂತ ತುಂಬಾ ಪಶ್ಚಿಮಕ್ಕೆ ಇರಬೇಕು ಎಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ. ನಿನ್ನ ಚುಕ್ಕೆ ಗೋವಾ ಕಡೆಗೆ ಜಾರಿದ್ದು ಹೀಗೆಯೇ ಇರಬೇಕು. ನಿಜಕ್ಕೂ ಬೆಂಗಳೂರು ರಾಜ್ಯದ ಆಗ್ನೇಯ ಮೂಲೆಯಲ್ಲಿದೆ, ದೆಹಲಿಗಿಂತ ಒಂದು ಕೂದಲೆಳೆ ಪೂರ್ವಕ್ಕೇ ಇದೆ.

ಚುಕ್ಕೆಗಳ ನಡುವಿನ ಅಂತರ ಹೀಗೆ. ಶಿಮ್ಲಾದಿಂದ ದೆಹಲಿಗೆ ಒಂದೂವರೆ ಸೆಂಟಿಮೀಟರ್. ದೆಹಲಿಯಿಂದ ಭೋಪಾಲಿಗೆ ಮೂರು. ಭೋಪಾಲಿನಿಂದ ಬೆಂಗಳೂರಿಗೆ ಆರಕ್ಕೆ ಸ್ವಲ್ಪ ಕಡಿಮೆ. ಅಲ್ಲಿಂದ ತಿರುವನಂತಪುರಕ್ಕೆ ಎರಡೂವರೆ. ಭೋಪಾಲ್-ಬೆಂಗಳೂರು ಅಂತರವೇ ಎಲ್ಲಕ್ಕಿಂತ ಉದ್ದ. ಅಷ್ಟು ನೆನಪಿದ್ದರೆ ಉಳಿದದ್ದು ಅಂದಾಜಿಗೆ ಸಿಗುತ್ತದೆ.

ಕೇಳುಗರೇ, ಪತ್ರವನ್ನು ಒಂದು ನಿಮಿಷ ನಿಲ್ಲಿಸುತ್ತೇನೆ. ಈವರೆಗೆ ಎರಡು ಗೆರೆ ಎಳೆದಿದ್ದೇವೆ. ಅವು ಸೇರುವ ಕಡೆ ಭೋಪಾಲ್. ನೆಟ್ಟಗಿನ ಗೆರೆಯಲ್ಲಿ ಐದು ಊರು. ಈಗ ಅಡ್ಡಗೆರೆಗೆ ಬರೋಣ.

ಮಗೂ, ಅಡ್ಡಗೆರೆಯಲ್ಲಿ ಭೋಪಾಲಿನಿಂದ ಎಡಕ್ಕೆ ಎರಡೂವರೆ ಸೆಂಟಿಮೀಟರ್ ಹೋದರೆ ಗಾಂಧಿನಗರ. ಬಲಕ್ಕೆ ನಾಲ್ಕು ಹೋದರೆ ರಾಂಚಿ. ಏಳಕ್ಕೆ ಅಗರ್ತಲಾ. ಇನ್ನು ಮುಕ್ಕಾಲು ಮುಂದೆ ಹೋದರೆ ಐಜ್ವಾಲ್. ಗಾಂಧಿನಗರ ಮತ್ತು ರಾಂಚಿ ಗೆರೆಯ ಕೆಳಗೆ ಅಂಟಿಕೊಂಡಿವೆ, ಅಗರ್ತಲಾ ಮತ್ತು ಐಜ್ವಾಲ್ ಗೆರೆಯ ಮೇಲೆ. ಭೋಪಾಲ್ ಸೇರಿ ಐದೂ ಊರುಗಳು ಗೆರೆಯಿಂದ ಸುಮಾರು 40 ಕಿಲೋಮೀಟರ್ ಒಳಗೇ ಇವೆ.

ಅಗರ್ತಲಾವನ್ನು ನೀನು ಹಿಮಾಲಯದ ಬುಡಕ್ಕೆ ಇಟ್ಟದ್ದು ಯಾಕೆ? ನನಗೆ ಎರಡು ಕಾರಣ ಕಾಣುತ್ತವೆ. ಒಂದು, ನಾವು ಆ ರಾಜ್ಯಗಳನ್ನು "ಈಶಾನ್ಯ ರಾಜ್ಯಗಳು" ಎಂದು ಕರೆಯುತ್ತೇವೆ. ಈಶಾನ್ಯ ಎಂದ ಕೂಡಲೇ ಕೈ ಹಾಳೆಯ ಮೇಲಿನ ಮೂಲೆಗೆ ಹೋಗುತ್ತದೆ. ಎರಡು, ಅಟ್ಲಾಸಿನಲ್ಲಿ ಅಕ್ಷಾಂಶದ ಗೆರೆಗಳು ನೇರವಾಗಿರುವುದಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಅವು ಎರಡೂ ತುದಿಯಲ್ಲಿ ಮೇಲಕ್ಕೆ ಬಾಗುತ್ತವೆ. ಆದ್ದರಿಂದ ತ್ರಿಪುರ ಇರುವುದಕ್ಕಿಂತ ಎತ್ತರದಲ್ಲಿದ್ದಂತೆ ಕಾಣುತ್ತದೆ. ಆದರೆ ಅಗರ್ತಲಾ ಹಿಮಾಲಯದ ನೆರೆಯ ಊರಲ್ಲ. ಅದು ಭೋಪಾಲ್, ರಾಂಚಿಗಳ ಸಾಲಿನದು.

ಈ ಗೆರೆಗಳಿಂದ ಇನ್ನೊಂದು ಲಾಭ ಇದೆ. ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಗುರುತಿಸು ಎಂದು ಪರೀಕ್ಷೆಯಲ್ಲೇ ಕೇಳುತ್ತಾರೆ. 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶವನ್ನೂ ಕೇಳುತ್ತಾರೆ. ನಮ್ಮ ಗಡಿಯಾರದ ಸಮಯ ನಿಂತಿರುವುದು ಅದರ ಮೇಲೆ. ಭೋಪಾಲಿನಿಂದ ಬಲಕ್ಕೆ ಎರಡೂಮುಕ್ಕಾಲು ಸೆಂಟಿಮೀಟರ್ ಹೋಗಿ ನೆಟ್ಟಗೆ ಗೆರೆ ಎಳೆದರೆ ಅದೂ ಸಿಕ್ಕಿತು.

ಇನ್ನು ನಿನ್ನನ್ನು ಹೆಚ್ಚು ಕಾಡಿದ ಈಶಾನ್ಯದ ಗುಂಪಿಗೆ ಹೋಗೋಣ. ಇಲ್ಲಿ ನೇರ ಗೆರೆ ಸಾಲದು. ರಾಜ್ಯಗಳು ಒತ್ತೊತ್ತಾಗಿವೆ. ಇಲ್ಲಿ ಬೇಕಾದದ್ದು ಒಂದು ದಾರಿ. ಆ ದಾರಿಯನ್ನು ಮೂರು ಪದಗಳಲ್ಲಿ ಕಟ್ಟಿದ್ದೇನೆ. ಗಟ್ಟಿಯಾಗಿ ಹೇಳು: ಅನಾಮ ಮಿತ್ರ ಮೇಲೆ.

ಅ ಎಂದರೆ ಅರುಣಾಚಲ. ನಾ ಎಂದರೆ ನಾಗಾಲ್ಯಾಂಡ್. ಮ ಎಂದರೆ ಮಣಿಪುರ. ಮಿ ಎಂದರೆ ಮಿಜೋರಾಂ. ತ್ರ ಎಂದರೆ ತ್ರಿಪುರ. ಮೇ ಎಂದರೆ ಮೇಘಾಲಯ.

ಈಗ ಬೆರಳನ್ನು ನಕ್ಷೆಯ ಬಲಮೂಲೆಯ ಮೇಲ್ಭಾಗದಲ್ಲಿ ಇಡು. ಅರುಣ ಮೊದಲು ಮೂಡುವ ಮೂಲೆ ಅದು. ಅಲ್ಲಿಂದ ಮ್ಯಾನ್ಮಾರ್ ಗಡಿ ಹಿಡಿದು ನೇರವಾಗಿ ಕೆಳಗೆ ಇಳಿ. ಅ, ನಾ, ಮ, ಮಿ. ನಾಲ್ಕೂ ರಾಜ್ಯಗಳು ಮ್ಯಾನ್ಮಾರಿಗೆ ತಾಗಿಕೊಂಡಿವೆ, ಒಂದರ ಕೆಳಗೆ ಒಂದು. ಮಿಜೋರಾಂ ತಳದಲ್ಲಿದೆ. ಅಲ್ಲಿಂದ ಎಡಕ್ಕೆ ಒಂದು ಹೆಜ್ಜೆ. ಅದು ತ್ರಿಪುರ, ಮೂರು ಕಡೆ ಬಾಂಗ್ಲಾದೇಶ ಸುತ್ತುವರಿದ ರಾಜ್ಯ. ಕೊನೆಗೆ ಪದವೇ ದಾರಿ ಹೇಳುತ್ತದೆ: ಮೇಲೆ. ಬೆರಳು ಮೇಲಕ್ಕೆ ಹೋಗಿ ಮೇಘಾಲಯದಲ್ಲಿ ನಿಲ್ಲುತ್ತದೆ. ತ್ರಿಪುರದಿಂದ ಮೇಘಾಲಯಕ್ಕೆ ಗಡಿ ತಾಗುವುದಿಲ್ಲ, ಇದು ಮಾತ್ರ ಒಂದು ನೆಗೆತ. ನಡುವೆ ಅಸ್ಸಾಮಿನ ಬರಾಕ್ ಕಣಿವೆ ಮತ್ತು ಬಾಂಗ್ಲಾದೇಶ ಇವೆ.

ಅಸ್ಸಾಂ ಎಲ್ಲಿ ಎಂದು ಕೇಳುತ್ತೀಯ. ಬೆರಳು ಸುತ್ತಿ ಬಂದ ಉಂಗುರದ ನಡುವೆ ಉಳಿದದ್ದೇ ಅಸ್ಸಾಂ. ಆರು ರಾಜ್ಯಗಳಿಗೂ ಅದರ ಗಡಿ ತಾಗುತ್ತದೆ. ಇದು ನಿನ್ನನ್ನು ನೀನೇ ಪರೀಕ್ಷಿಸಿಕೊಳ್ಳುವ ಒಳ್ಳೆಯ ದಾರಿಯೂ ಹೌದು. ನೀನು ಬರೆದ ನಕ್ಷೆಯಲ್ಲಿ ಯಾವುದಾದರೂ ಒಂದು ರಾಜ್ಯ ಅಸ್ಸಾಮಿಗೆ ತಾಗದಿದ್ದರೆ, ಅಲ್ಲಿ ಏನೋ ತಪ್ಪಿದೆ ಎಂದೇ ಲೆಕ್ಕ.

ಮಣಿಪುರ ಮೇಲೋ ಮಿಜೋರಾಂ ಮೇಲೋ ಎಂಬ ಗೊಂದಲ ನಿನಗೊಬ್ಬನಿಗೇ ಅಲ್ಲ, ತರಗತಿಯಲ್ಲಿ ಬಹಳ ಮಕ್ಕಳಿಗಿದೆ. ಅದಕ್ಕೆ ನೀನು ಒಂದನೆಯ ತರಗತಿಯಲ್ಲಿ ಕಲಿತ ಕಾಗುಣಿತ ಸಾಕು. ಮ, ಮಾ, ಮಿ, ಮೀ. ಮ ಮೊದಲು, ಮಿ ಆಮೇಲೆ. ಮಣಿಪುರ ಮೇಲೆ, ಮಿಜೋರಾಂ ಕೆಳಗೆ. ಕಾಗುಣಿತದಲ್ಲಿ ಮೇ ಇನ್ನೂ ಮುಂದೆ ಬರುತ್ತದೆ, ನಮ್ಮ ದಾರಿಯಲ್ಲೂ ಮೇಘಾಲಯ ಕೊನೆಗೇ ಬರುತ್ತದೆ.

ಸಿಕ್ಕಿಂ ಈ ಉಂಗುರದಲ್ಲಿ ಇಲ್ಲ. ಅದು ಎಡಕ್ಕೆ ದೂರದಲ್ಲಿ, ಪಶ್ಚಿಮ ಬಂಗಾಳದ ನೆತ್ತಿಯ ಮೇಲೆ, ನೇಪಾಳ ಮತ್ತು ಭೂತಾನಗಳ ನಡುವೆ ಇದೆ. ಅದನ್ನು ಪ್ರತ್ಯೇಕವಾಗಿಯೇ ಕಲಿ. ಉಂಗುರದೊಳಗೆ ತುರುಕಿದರೆ ದಾರಿ ಕೆಡುತ್ತದೆ.

ಕೇಳುಗರೇ, ಮತ್ತೊಮ್ಮೆ ಹೇಳುತ್ತೇನೆ. ಎರಡು ಗೆರೆ, ನಡುವೆ ಭೋಪಾಲ್. ಈಶಾನ್ಯಕ್ಕೆ ಒಂದು ದಾರಿ: ಅನಾಮ ಮಿತ್ರ ಮೇಲೆ. ಇಲ್ಲಿಗೆ ಜಾಗದ ಮಾತು ಮುಗಿಯಿತು. ಇನ್ನು ಹೆಸರು.

ಮಗೂ, ಯಾವ ರಾಜ್ಯಕ್ಕೆ ಯಾವ ರಾಜಧಾನಿ ಎಂಬುದು ನೆನಪಿನಲ್ಲಿ ನಿಲ್ಲದಿರುವುದಕ್ಕೆ ಕಾರಣ ಸರಳ. ಕೊಹಿಮಾ ಎಂಬ ಸದ್ದಿಗೂ ನಾಗಾಲ್ಯಾಂಡ್ ಎಂಬ ಸದ್ದಿಗೂ ನಿನ್ನ ಮನಸ್ಸಿನಲ್ಲಿ ನಂಟೇ ಇಲ್ಲ. ಆ ನಂಟನ್ನು ನಾವು ಕಟ್ಟಬೇಕು. ಅಮೆರಿಕದ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ಎಂಬ ಇಬ್ಬರು ಸಂಶೋಧಕರು 1975ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗಳಿಗೆ ರಷ್ಯನ್ ಪದಗಳನ್ನು ಕಲಿಸಬೇಕಿತ್ತು. ರಷ್ಯನ್ ಪದದ ಸದ್ದನ್ನು ಹೋಲುವ ಒಂದು ಇಂಗ್ಲಿಷ್ ಪದ ಕೊಟ್ಟು, ಅದನ್ನು ಅರ್ಥದ ಜೊತೆಗೆ ಒಂದೇ ಚಿತ್ರದಲ್ಲಿ ಸೇರಿಸಲು ಹೇಳಿದರು. ಹಾಗೆ ಕಲಿತವರಿಗೆ ಉಳಿದವರಿಗಿಂತ ಹೆಚ್ಚು ಪದ ನೆನಪಿದ್ದವು. ನಾವು ಅದನ್ನೇ ಕನ್ನಡದಲ್ಲಿ ಮಾಡೋಣ. ಕಣ್ಣು ಮುಚ್ಚು. ನಾನು ಹೇಳುವುದನ್ನು ಒಂದೊಂದಾಗಿ ಮನಸ್ಸಿನಲ್ಲಿ ನೋಡು.

ಅರುಣ, ಅಂದರೆ ಬೆಳಗಿನ ಕೆಂಪು. ಆ ಕೆಂಪು ಬೆಳಕಿನಲ್ಲಿ ಕೆಂಪು ಇಟ್ಟಿಗೆಯ ಗೋಡೆ. ಅರುಣಾಚಲ, ಇಟಾನಗರ. ಇದು ಬರೀ ಕಲ್ಪನೆಯಲ್ಲ. ಆ ಊರಿನಲ್ಲಿ ಇಟಾ ಕೋಟೆ ಎಂಬ ಹಳೆಯ ಇಟ್ಟಿಗೆಯ ಕೋಟೆ ಇದೆ. ಊರಿಗೆ ಹೆಸರು ಬಂದದ್ದೇ ಅದರಿಂದ.

ನಾಗರಹಾವು ಹಿಮದ ಮೇಲೆ ಹೆಡೆ ಎತ್ತಿದೆ. ನಾಗಾಲ್ಯಾಂಡ್, ಕೊಹಿಮಾ.

ಮಣಿಗಳು ಇಂಪಾಗಿ ಸದ್ದು ಮಾಡುತ್ತಿವೆ. ಇಲ್ಲಿ ನೋಡಬೇಡ, ಕೇಳು. ಮಣಿಪುರ, ಇಂಫಾಲ.

ದೊಡ್ಡ ಮೀಸೆಯ ಮನುಷ್ಯ ಐದು ಜ್ವಾಲೆಯ ದೀಪ ಹಿಡಿದು ನಿಂತಿದ್ದಾನೆ. ಮೀಸೆ ಸುಟ್ಟೀತೆಂದು ತಲೆ ಹಿಂದಕ್ಕೆ ಬಾಗಿಸಿದ್ದಾನೆ. ಮಿಜೋರಾಂ, ಐಜ್ವಾಲ್.

ಮೂರು ಅಗರಬತ್ತಿಗಳನ್ನು ಒಂದು ತಾಳದ ನಡುವೆ ಸಿಕ್ಕಿಸಿದ್ದಾರೆ. ತ್ರಿಪುರ, ಅಗರ್ತಲಾ. ಅಗರು ಮರ ಆ ರಾಜ್ಯದಲ್ಲಿ ಬೆಳೆಯುವಂಥದ್ದೇ.

ಮೋಡಗಳ ಮನೆಯಲ್ಲಿ ಒಂದು ದೊಡ್ಡ ಶಿಲೆ, ಮಳೆಗೆ ತೊಯ್ದು ಕಪ್ಪಾಗಿದೆ. ಮೇಘಾಲಯ, ಶಿಲ್ಲಾಂಗ್. ಜಗತ್ತಿನಲ್ಲೇ ಹೆಚ್ಚು ಮಳೆ ಬೀಳುವ ಮೌಸಿನ್‌ರಾಮ್ ಈ ರಾಜ್ಯದಲ್ಲಿದೆ.

ನಡುವಿನ ಅಸ್ಸಾಂ. ಅದಕ್ಕೆ ಎಲ್ಲ ದಿಸೆಯಲ್ಲೂ ನೆರೆಯ ರಾಜ್ಯಗಳು. ದಿಸೆ, ದಿಸ್ಪುರ.

ದೂರದ ಸಿಕ್ಕಿಂ. ದಾರ ಸಿಕ್ಕು ಸಿಕ್ಕಾಗಿ ಗಂಟು ಬಿದ್ದಿದೆ. ಸಿಕ್ಕಿಂ, ಗ್ಯಾಂಗ್‌ಟಾಕ್.

ಅಸ್ಸಾಂ ಮತ್ತು ಶಿಲ್ಲಾಂಗ್ ವಿಷಯದಲ್ಲಿ ಮಾತ್ರ ಇನ್ನೊಂದು ಮಾತು ಹೇಳಲೇಬೇಕು. ಮನೆಯಲ್ಲಿ ತಾತ ಶಿಲ್ಲಾಂಗ್ ಎಂದೇ ಹೇಳಿಕೊಟ್ಟರು ಎಂದು ಬರೆದಿದ್ದೀಯ. ತಾತ ಓದುವಾಗ ಅದು ಸರಿಯೇ ಇತ್ತು. ಆಗ ಶಿಲ್ಲಾಂಗ್ ಅಸ್ಸಾಮಿನ ರಾಜಧಾನಿ. 1972ರ ಜನವರಿ 21ರಂದು ಮೇಘಾಲಯ ಪೂರ್ಣ ರಾಜ್ಯವಾಯಿತು. ಶಿಲ್ಲಾಂಗ್ ಆ ರಾಜ್ಯಕ್ಕೆ ಸೇರಿತು. ಅಸ್ಸಾಂ ತನ್ನ ಆಡಳಿತವನ್ನು ಬೆಟ್ಟದಿಂದ ಬಯಲಿಗೆ, ಗುವಾಹಟಿಯ ಅಂಚಿನ ದಿಸ್ಪುರಕ್ಕೆ ಇಳಿಸಿತು. ಗುವಾಹಟಿ ದೊಡ್ಡ ಊರು, ದಿಸ್ಪುರ ಅದರದೇ ಒಂದು ಭಾಗ. ಉತ್ತರಪತ್ರಿಕೆಯಲ್ಲಿ ದಿಸ್ಪುರ ಎಂದೇ ಬರೆಯಬೇಕು. ಈ ಕತೆ ಗೊತ್ತಿದ್ದರೆ ಎರಡು ಊರುಗಳು ಇನ್ನೆಂದೂ ಅದಲು ಬದಲಾಗುವುದಿಲ್ಲ.

ಈ ಚಿತ್ರಗಳಿಗೆ ಒಂದು ಮಿತಿ ಇದೆ. ಶಿಲೆ ನೆನಪಾಗುತ್ತದೆ, ಊರಿನ ಹೆಸರು ಮಾತ್ರ "ಶಿಲಾಪುರ" ಎಂದು ಬಾಯಿಗೆ ಬರುತ್ತದೆ. ಚಿತ್ರ ಕೊಡುವುದು ಹೆಸರಿನ ಒಂದು ತುಣುಕನ್ನು ಮಾತ್ರ. ಪೂರ್ತಿ ಹೆಸರು ಬಾಯಿಗೆ ಬರಬೇಕಾದರೆ ಚಿತ್ರ ಕಂಡ ಪ್ರತಿ ಸಲವೂ ಹೆಸರನ್ನು ಗಟ್ಟಿಯಾಗಿ ಹೇಳಿ ಒಮ್ಮೆ ಬರೆಯಬೇಕು. ಕೊಹಿಮಾದಲ್ಲಿ ಈ ತೊಂದರೆ ಹೆಚ್ಚು. ಹಿಮ ನೆನಪಾಗಿ ಹಿಮಾಚಲಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ಆ ಚಿತ್ರದಲ್ಲಿ ಹಿಮಕ್ಕಿಂತ ಹಾವು ದೊಡ್ಡದಾಗಿರಲಿ, ಮೊದಲು ಅದೇ ಕಾಣಲಿ. ನನ್ನ ಚಿತ್ರ ನಿನಗೆ ಹಿಡಿಸದಿದ್ದರೆ ಬಿಟ್ಟುಬಿಡು, ನಿನ್ನದೇ ಒಂದನ್ನು ಕಟ್ಟು.

ಕೇಳುಗರೇ, ಜಾಗಕ್ಕೆ ಗೆರೆ ಮತ್ತು ದಾರಿ, ಹೆಸರಿಗೆ ಚಿತ್ರ. ಇವೆರಡೂ ಆಯಿತು. ಉಳಿದದ್ದು ಅಭ್ಯಾಸದ ಕ್ರಮ. ಪತ್ರದ ಕೊನೆಯ ಭಾಗ ಅದೇ.

ಮಗೂ, ಇನ್ನು ಮೇಲೆ ಅಟ್ಲಾಸ್ ತೆರೆದು ಶುರು ಮಾಡಬೇಡ. ಖಾಲಿ ಹಾಳೆಯಿಂದ ಶುರು ಮಾಡು. ಶಾನಾ ಕಾರ್ಪೆಂಟರ್ ಮತ್ತು ಹೆರಾಲ್ಡ್ ಪ್ಯಾಶ್ಲರ್ ಎಂಬ ಸಂಶೋಧಕರು 2007ರಲ್ಲಿ ನಕ್ಷೆಗಳ ಮೇಲೆಯೇ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಒಂದು ನಕ್ಷೆಯನ್ನು ಸುಮ್ಮನೆ ನೋಡಿ ಕಲಿಯಬೇಕು. ಇನ್ನೊಂದರಲ್ಲಿ ಆಗಾಗ ಒಂದು ಗುರುತನ್ನು ಮರೆಮಾಡಿ ತೋರಿಸುತ್ತಿದ್ದರು, ಕಾಣೆಯಾದದ್ದು ಏನು ಎಂದು ಮನಸ್ಸಿನಲ್ಲೇ ನೆನಪಿಸಿಕೊಳ್ಳಬೇಕು. ಆಮೇಲೆ ಎರಡನ್ನೂ ನೆನಪಿನಿಂದ ಬರೆಯಲು ಹೇಳಿದಾಗ, ನೆನಪಿಸಿಕೊಳ್ಳುತ್ತ ಕಲಿತ ನಕ್ಷೆಯೇ ಹೆಚ್ಚು ಸರಿಯಾಗಿ ಬಂತು.

ನೀನು ಮಾಡಬೇಕಾದದ್ದು ಇಷ್ಟು. ಎರಡು ಗೆರೆ ಎಳೆ. ಚುಕ್ಕೆ ಇಡು. ಅನಾಮ ಮಿತ್ರನ ದಾರಿ ಹಿಡಿದು ಏಳು ರಾಜ್ಯ ಬರೆ, ಸಿಕ್ಕಿಂ ಸೇರಿಸು, ರಾಜಧಾನಿ ಬರೆ. ನೆನಪಾಗದಿದ್ದರೆ ಕೂಡಲೇ ಅಟ್ಲಾಸ್ ತೆಗೆಯಬೇಡ. ಅರ್ಧ ನಿಮಿಷ ಹುಡುಕು. ಆಗಲೂ ಬರದಿದ್ದರೆ ಜಾಗ ಖಾಲಿ ಬಿಡು. ಎಲ್ಲ ಮುಗಿದ ಮೇಲೆ ಅಟ್ಲಾಸ್ ತೆರೆದು, ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದು.

ತಿದ್ದುವಾಗ ಪ್ರತಿ ತಪ್ಪಿನ ಪಕ್ಕದಲ್ಲಿ ಒಂದು ಅಕ್ಷರ ಬರೆ. ಜಾಗ ತಪ್ಪಿದ್ದರೆ "ಜಾ". ಹೆಸರು ತಪ್ಪಿದ್ದರೆ "ಹೆ". ಜಾ ಹೆಚ್ಚಾಗಿದ್ದರೆ ಚಿತ್ರಗಳನ್ನು ಎಷ್ಟು ನೆನೆದರೂ ಪ್ರಯೋಜನವಿಲ್ಲ, ಅಳತೆಪಟ್ಟಿ ಹಿಡಿದು ಗೆರೆಗಳನ್ನು ಮತ್ತೆ ಎಳೆ. ಹೆ ಹೆಚ್ಚಾಗಿದ್ದರೆ ಆ ಊರಿನ ಚಿತ್ರ ಮಸುಕಾಗಿದೆ. ಅದನ್ನು ಮತ್ತೆ ಕಟ್ಟು. ನಿನ್ನ ಹಳೆಯ ಉತ್ತರಪತ್ರಿಕೆಯ ನಾಲ್ಕು ತಪ್ಪುಗಳಿಗೆ ನಾನೇ ಹೀಗೆ ಗುರುತು ಹಾಕಿದ್ದೇನೆ. ಎರಡು ಜಾ, ಎರಡು ಹೆ.

ಇದನ್ನೇ ನಾಳೆ ಒಮ್ಮೆ ಮಾಡು, ಮೂರು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಇನ್ನೊಮ್ಮೆ. ಒಂದೇ ಸಂಜೆ ಹತ್ತು ಸಲ ಬರೆದರೆ ಹತ್ತನೆಯದು ಚಂದ ಕಾಣುತ್ತದೆ, ಆದರೆ ಅದು ಒಂಬತ್ತನೆಯದರ ನಕಲು. ವಾರ ಬಿಟ್ಟು, ಯಾವ ಹಾಳೆಯನ್ನೂ ನೋಡದೆ ಬರೆದದ್ದೇ ನಿನ್ನ ನಿಜವಾದ ಅಂಕ. ಅಳತೆಪಟ್ಟಿಯನ್ನು ಮೊದಲ ಎರಡು ಸಲ ಮಾತ್ರ ಬಳಸು. ಆಮೇಲೆ ಕೈಯಂದಾಜಿನಲ್ಲೇ ಗೆರೆ ಬರಬೇಕು. ಪರೀಕ್ಷೆಯಲ್ಲಿ ಅಳೆಯುತ್ತ ಕೂರಲು ಸಮಯ ಸಿಗುವುದಿಲ್ಲ.

ಕೊನೆಯದಾಗಿ ನಿನ್ನ ಅಟ್ಲಾಸಿನ ಬಗ್ಗೆ. ಅದು ಅಣ್ಣ ಓದಿದ್ದು ಎಂದು ಹೇಳಿದ್ದೀಯ. ಅಚ್ಚಾದ ವರ್ಷ ನೋಡು. 2014ಕ್ಕಿಂತ ಹಿಂದಿನದಾದರೆ ಅದರಲ್ಲಿ ತೆಲಂಗಾಣ ಇರುವುದಿಲ್ಲ. 2019ಕ್ಕಿಂತ ಹಿಂದಿನದಾದರೆ ಜಮ್ಮು ಕಾಶ್ಮೀರ ಮತ್ತು ಲಡಾಖ್ ಬೇರೆ ಬೇರೆ ಕೇಂದ್ರಾಡಳಿತ ಪ್ರದೇಶಗಳಾಗಿ ಕಾಣುವುದಿಲ್ಲ. ಆ ಎರಡು ಕಡೆ ಶಾಲೆಯ ಹೊಸ ಭೂಪಟ ನೋಡಿ ಪೆನ್ಸಿಲಿನಲ್ಲಿ ತಿದ್ದಿಕೋ. ಈಶಾನ್ಯದ ಪುಟಕ್ಕೆ ಅಂಥ ತೊಂದರೆ ಇಲ್ಲ. ಅರುಣಾಚಲ ಮತ್ತು ಮಿಜೋರಾಂ ಪೂರ್ಣ ರಾಜ್ಯಗಳಾದದ್ದು 1987ರಲ್ಲಿ, ಆಮೇಲೆ ಅಲ್ಲಿನ ರಾಜ್ಯಗಳ ಪಟ್ಟಿ ಬದಲಾಗಿಲ್ಲ.

ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸಿಬ್ಬಂದಿ ಕೊಠಡಿಗೆ ಬಾ. ಜಾ ಮತ್ತು ಹೆ ಬರೆದ ಹಾಳೆಗಳನ್ನು ತಿದ್ದಿದ ಹಾಗೆಯೇ ತಾ, ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿ ತರಬೇಡ. ಈಶಾನ್ಯ ಮುಗಿದಿದ್ದರೆ ಅಂದು ರಾಯಪುರ, ಭುವನೇಶ್ವರ, ಹೈದರಾಬಾದ್‌ಗಳನ್ನು ಈ ಎರಡು ಗೆರೆಗಳಿಂದ ಎಷ್ಟು ದೂರಕ್ಕೆ ಇಡಬೇಕು ಎಂದು ಇಬ್ಬರೂ ಕೂತು ಅಳೆಯೋಣ.

ನಿನ್ನ ಮಿಸ್